‘ಧೂಮಪಾನ: ಇಲ್ಲ’ – ಒಲೆಯ ಹೊಗೆಯ ಲೆಕ್ಕ



ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನಮ್ಮ ಸಂಘದ ವೈದ್ಯಕೀಯ ನೆರವು ಸಮಿತಿಯಲ್ಲಿ ಅರ್ಜಿ ಪರಿಶೀಲಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ನಾನು ಓದಿದ್ದು ಬಿ.ಕಾಂ. ವೈದ್ಯಕೀಯ ನನ್ನ ವಿಷಯವಲ್ಲ. ಆದರೆ ಬಿಲ್ಲು, ವರದಿ, ಹಳೆಯ ಚೀಟಿಗಳನ್ನು ದಿನಾಂಕದ ಪ್ರಕಾರ ಜೋಡಿಸಿ ನೋಡುವ ಅಭ್ಯಾಸ ಇದೆ. ಹಾಗೆ ನೋಡುವಾಗ ನಾನೇ ಮಾಡಿದ ಒಂದು ತಪ್ಪು ಸಿಕ್ಕಿತು. ಆ ತಪ್ಪಿನಿಂದ ಕಲಿತದ್ದನ್ನು ಈ ಸಂಚಿಕೆಯಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ. ವೈದ್ಯಕೀಯ ವಿವರಗಳನ್ನು ಶ್ವಾಸಕೋಶ ತಜ್ಞರೊಬ್ಬರ ಬಳಿ ಕುಳಿತು ಕೇಳಿ ತಿದ್ದಿಕೊಂಡಿದ್ದೇನೆ.

ನಮ್ಮ ಅರ್ಜಿ ನಮೂನೆಯ ಎರಡನೇ ಪುಟದಲ್ಲಿ ಒಂದು ಸಾಲಿದೆ: ‘ಧೂಮಪಾನ: ಹೌದು / ಇಲ್ಲ’. ಮಹಿಳೆಯರ ಅರ್ಜಿಗಳಲ್ಲಿ ಅಲ್ಲಿ ಸಾಮಾನ್ಯವಾಗಿ ‘ಇಲ್ಲ’ ಎಂದೇ ಇರುತ್ತದೆ. ಆ ಉತ್ತರ ನೋಡಿ ನಾವು ಮುಂದಿನ ಸಾಲಿಗೆ ಹೋಗಿಬಿಡುತ್ತೇವೆ. ಹಲವು ಆಸ್ಪತ್ರೆಯ ಚೀಟಿಗಳಲ್ಲೂ ಆಗುವುದು ಅದೇ.

ಯಾದಗಿರಿ ಕಡೆಯ ಹಳ್ಳಿಯಿಂದ ಬಂದು ಪುಣೆಯಲ್ಲಿ ನೆಲೆಸಿರುವ 57 ವರ್ಷದ ಒಬ್ಬ ತಾಯಿಯ ಅರ್ಜಿ ಎರಡು ವರ್ಷದ ಹಿಂದೆ ನಮಗೆ ಬಂತು. ಹೆಸರು, ಬಡಾವಣೆ ಬೇಡ. ಕಾಯಿಲೆಯ ಜಾಗದಲ್ಲಿ ‘ದಮ್ಮು’ ಎಂದು ಬರೆದಿತ್ತು. ಉಸಿರು ಸಿಗದೆ ಐದು ದಿನ ಆಸ್ಪತ್ರೆಯಲ್ಲಿದ್ದ ಬಿಲ್ಲು ಇತ್ತು. ನಾವು ಸಹಾಯ ಮಂಜೂರು ಮಾಡಿದೆವು. ಹತ್ತು ತಿಂಗಳ ನಂತರ ಅದೇ ಮನೆಯಿಂದ, ಅದೇ ಕಾಯಿಲೆಗೆ ಮತ್ತೊಂದು ಅರ್ಜಿ ಬಂತು. ಒಂದು ಕಾಯಿಲೆಗೆ ಒಂದೇ ಸಲ ಎಂಬುದು ನಮ್ಮ ನಿಯಮ. ‘ಪುನರಾವರ್ತನೆ’ ಎಂದು ಬರೆದು ನಾನೇ ಸಹಿ ಹಾಕಿ ವಾಪಸು ಕಳಿಸಿದೆ.

ಅರ್ಜಿ ವಾಪಸಾದ ಮೇಲೆ ಆಕೆಯ ಮಗ ಕಚೇರಿಗೆ ಬಂದ. ಅವನು ಜಗಳ ಮಾಡಲಿಲ್ಲ. ಹಳೆಯ ಚೀಟಿಗಳ ಪ್ಲಾಸ್ಟಿಕ್ ಚೀಲವೊಂದನ್ನು ಮೇಜಿನ ಮೇಲಿಟ್ಟು, “ಇದನ್ನ ಒಮ್ಮೆ ನೋಡ್ರಿ ಸಾಹೇಬ್ರ” ಎಂದ. ಮೂರು ವರ್ಷದ ಕಾಗದ ಅದರಲ್ಲಿತ್ತು. ದಿನಾಂಕದ ಪ್ರಕಾರ ಜೋಡಿಸಿದೆ. ಕೆಮ್ಮಿನ ಸಿರಪ್ಪು, ಆ್ಯಂಟಿಬಯಾಟಿಕ್ಕು, ಉಸಿರಾಟಕ್ಕೆ ಇಂಜೆಕ್ಷನ್ನು. ಕಫದ ಪರೀಕ್ಷೆ ಎರಡು ಸಲ ಆಗಿತ್ತು, ಕ್ಷಯ ಇಲ್ಲ ಎಂದು ಬಂದಿತ್ತು. ಎದೆಯ ಎಕ್ಸ್‌ರೇ ನಾಲ್ಕು ಇದ್ದವು. ಒಂದು ಇನ್‌ಹೇಲರನ್ನೂ ಬರೆದಿದ್ದರು. ಇಷ್ಟೆಲ್ಲದರಲ್ಲಿ ಶ್ವಾಸಕೋಶ ಎಷ್ಟು ಕೆಲಸ ಮಾಡುತ್ತಿದೆ ಎಂದು ಅಳೆಯುವ ಪರೀಕ್ಷೆ ಒಂದೂ ಇರಲಿಲ್ಲ.

ಮರುವಾರ ಅವರ ಮನೆಗೆ ಹೋದೆ. ಆ ತಾಯಿ ಬಾಗಿಲ ಬಳಿ, ಎರಡೂ ಕೈ ಮೊಣಕಾಲಿನ ಮೇಲೆ ಊರಿಕೊಂಡು ಕುಳಿತಿದ್ದರು. “ಅಕ್ಕಾರ, ಬೀಡಿ-ಗೀಡಿ, ತಂಬಾಕು ಏನರೆ ಅದ ಏನ್ರಿ?” ಎಂದು ಕೇಳಿದೆ. “ಇಲ್ರಿ ಸಾಹೇಬ್ರ. ಹೊಗಿ ಅಂದ್ರ ನಮ್ಮ ಒಲಿ ಹೊಗಿ ಅಷ್ಟ” ಎಂದರು. ನಾವು ನಮೂನೆಯಲ್ಲಿ ಕೇಳದೆ ಬಿಟ್ಟ ಪ್ರಶ್ನೆಗೆ ಆಕೆಯೇ ಉತ್ತರ ಕೊಟ್ಟಿದ್ದರು.

ಒಲೆಯ ಹೊಗೆಯಲ್ಲಿ ಇರುವುದೇನು

ಕಟ್ಟಿಗೆ ಪೂರ್ತಿ ಉರಿದರೆ ಉಳಿಯುವುದು ಹೆಚ್ಚಾಗಿ ಶಾಖ, ನೀರಿನ ಆವಿ, ಇಂಗಾಲದ ಡೈಆಕ್ಸೈಡ್ ಮತ್ತು ಬೂದಿ. ಅಡುಗೆ ಒಲೆಯಲ್ಲಿ ಅದು ಪೂರ್ತಿ ಉರಿಯುವುದಿಲ್ಲ. ಹಸಿ ಸೌದೆ ಇರಬಹುದು, ಒಲೆಯ ಬಾಯಿಗೆ ಕಟ್ಟಿಗೆ ತುರುಕಿ ಗಾಳಿ ಆಡದೆ ಇರಬಹುದು, ಬೆಂಕಿ ಆರಿ ಬರೀ ಹೊಗೆಯಾಡುತ್ತಿರಬಹುದು. ಆಗ ಅರೆಬೆಂದ ಇಂಧನ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಮೇಲೆ ಬರುತ್ತದೆ, ಜೊತೆಗೆ ಕಾರ್ಬನ್ ಮೊನಾಕ್ಸೈಡ್ ಕೂಡ. 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು ತಲೆಗೂದಲಿನ ದಪ್ಪದ ಸುಮಾರು ಮೂವತ್ತನೇ ಒಂದು ಭಾಗ. ಮೂಗಿನ ಕೂದಲಾಗಲಿ ಗಂಟಲಿನ ಕಫವಾಗಲಿ ಇವನ್ನು ತಡೆಯಲಾರವು. ನೇರವಾಗಿ ಶ್ವಾಸಕೋಶದ ಕೊನೆಯ ಸಣ್ಣ ನಾಳಗಳ ತನಕ ಹೋಗಿ ಕೂರುತ್ತವೆ.

ಇಪ್ಪತ್ತನಾಲ್ಕು ಗಂಟೆಯ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ ಇಂಥ ಕಣ 15 ಮೈಕ್ರೋಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಕಿಟಕಿ ಇಲ್ಲದ ಅಡುಗೆಮನೆಯಲ್ಲಿ ಕಟ್ಟಿಗೆ ಒಲೆ ಉರಿಯುವ ಹೊತ್ತಿಗೆ ಅದು ನೂರಾರು ಮೈಕ್ರೋಗ್ರಾಂ ಇರುತ್ತದೆ, ಸಾವಿರ ದಾಟುವುದೂ ಉಂಟು. ನಮ್ಮ ದೇಶದಲ್ಲಿ ಇದನ್ನು ಮೊದಲು ಅಳೆದವರಲ್ಲಿ ಕರ್ಕ್ ಸ್ಮಿತ್ ಎಂಬ ವಿಜ್ಞಾನಿ ಪ್ರಮುಖರು. 1980ರ ದಶಕದ ಆರಂಭದಲ್ಲಿ ಅವರ ತಂಡ ಗುಜರಾತಿನ ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರ ಮೈಮೇಲೆಯೇ ಅಳತೆಯ ಉಪಕರಣ ಕಟ್ಟಿ ನೋಡಿತು. ಹೊಗೆಯನ್ನು ಕೊಠಡಿಯ ಮೂಲೆಯಲ್ಲಿ ಅಳೆಯದೆ ಉಸಿರಾಡುವ ಮೂಗಿನ ಹತ್ತಿರ ಅಳೆದದ್ದು ಆ ಕೆಲಸದ ವಿಶೇಷ.

ಮೂಗಿನ ಹತ್ತಿರ ಎಂಬ ಮಾತು ನಮ್ಮ ಉತ್ತರ ಕರ್ನಾಟಕದ ಅಡುಗೆಗೆ ಬಹಳ ಸಲ್ಲುತ್ತದೆ. ಅನ್ನ, ಬೇಳೆ ಒಲೆಯ ಮೇಲಿಟ್ಟು ಹೊರಗೆ ಬರಬಹುದು. ಜೋಳದ ರೊಟ್ಟಿಗೆ ಹಾಗಾಗುವುದಿಲ್ಲ. ಬಡಿಯುವುದು, ಹಂಚಿಗೆ ಹಾಕುವುದು, ನೀರು ಸವರುವುದು, ತಿರುವುವುದು, ಅಂಚು ಬೇಯಿಸುವುದು, ಎಲ್ಲವೂ ಒಲೆಯ ಮುಂದೆ ಕುಳಿತೇ ಆಗಬೇಕು. ಹತ್ತು ಜನರ ಮನೆಯಲ್ಲಿ ಒಂದೂವರೆ ಗಂಟೆ ಮುಖ ಬೆಂಕಿಯ ಪಕ್ಕದಲ್ಲೇ ಇರುತ್ತದೆ. ಇಂಧನವೋ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಮಳೆಗಾಲದಲ್ಲಿ ಸರಿಯಾಗಿ ಒಣಗದ ಕುಳ್ಳು. ಬೆಂಕಿ ಆರಿದಾಗ ಊದುಗೊಳವೆ ಹಿಡಿಯಬೇಕು. ಊದುವ ಮೊದಲು ಪ್ರತಿ ಸಲವೂ ಎದೆ ತುಂಬ ಉಸಿರು ಎಳೆದುಕೊಳ್ಳಬೇಕು, ಒಲೆ ಅತಿ ಹೆಚ್ಚು ಹೊಗೆ ಕಾರುತ್ತಿರುವ ಹೊತ್ತಿನಲ್ಲೇ.

ಗಂಟೆ ಗುಣಿಸು ವರ್ಷ

ಇಷ್ಟು ಹೊಗೆ ಎಂದರೆ ಎಷ್ಟು? ಚಂಡೀಗಢದ ಪಿಜಿಐ ಆಸ್ಪತ್ರೆಯ ಡಾ. ಬೆಹೆರಾ ಮತ್ತು ಡಾ. ಜಿಂದಾಲ್ ಅವರ ಅಧ್ಯಯನಗಳಿಂದ ಬಳಕೆಗೆ ಬಂದ ಒಂದು ಸರಳ ಲೆಕ್ಕವಿದೆ. ದಿನಕ್ಕೆ ಸರಾಸರಿ ಎಷ್ಟು ಗಂಟೆ ಒಲೆಯ ಮುಂದೆ ಅಡುಗೆ, ಹಾಗೆ ಎಷ್ಟು ವರ್ಷ, ಎರಡನ್ನೂ ಗುಣಿಸುವುದು. ಬಡ್ಡಿ ಲೆಕ್ಕಕ್ಕೆ ಮೊತ್ತವನ್ನೂ ದಿನಗಳನ್ನೂ ಗುಣಿಸಿ ‘ಪ್ರಾಡಕ್ಟ್’ ತೆಗೆಯುತ್ತಿದ್ದ ನಮ್ಮಂಥವರಿಗೆ ಇದು ಪರಿಚಿತ ವಿಧಾನ. ಸೇದುವವರಿಗೆ ದಿನಕ್ಕೆ ಎಷ್ಟು ಪ್ಯಾಕು, ಎಷ್ಟು ವರ್ಷ ಎಂದು ವೈದ್ಯರು ಲೆಕ್ಕ ಹಾಕುವಂತೆಯೇ ಇದೂ ಕೂಡ.

ಈ ಲೆಕ್ಕವನ್ನು ಇಟ್ಟುಕೊಂಡು ಮೈಸೂರು ಜಿಲ್ಲೆಯ ಹಳ್ಳಿಗಳ ಮಹಿಳೆಯರನ್ನು ಪರೀಕ್ಷಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಗುಣಲಬ್ಧ 60 ಮುಟ್ಟಿದ ಮೇಲೆ ದೀರ್ಘಕಾಲದ ಬ್ರಾಂಕೈಟಿಸ್ ಬರುವ ಅಪಾಯ ಗಣನೀಯವಾಗುತ್ತದೆ ಎಂದು ಅದರಲ್ಲಿ ಕಂಡುಬಂತು. ಸತತ ಎರಡು ವರ್ಷ, ಪ್ರತಿ ವರ್ಷ ಕನಿಷ್ಠ ಮೂರು ತಿಂಗಳು ಕಫದ ಕೆಮ್ಮು ಇದ್ದು ಅದಕ್ಕೆ ಬೇರೆ ಕಾರಣ ಸಿಗದಿದ್ದರೆ ಅದನ್ನು ದೀರ್ಘಕಾಲದ ಬ್ರಾಂಕೈಟಿಸ್ ಎನ್ನುತ್ತಾರೆ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಅಡುಗೆ ಮಾಡಿದರೆ 60 ಆಗುತ್ತದೆ. ಹದಿನೆಂಟಕ್ಕೆ ಮದುವೆಯಾದ ಹೆಣ್ಣುಮಗಳು ನಲವತ್ತಕ್ಕೆ ಮೊದಲೇ ಅಲ್ಲಿಗೆ ತಲುಪಿರುತ್ತಾಳೆ.

ಆ ತಾಯಿಯ ಎದುರಿಗೇ ಕಾಗದದ ಮೇಲೆ ಲೆಕ್ಕ ಹಾಕಿದೆ. ಹನ್ನೆರಡನೇ ವಯಸ್ಸಿನಲ್ಲಿ ತವರಿನಲ್ಲಿ ರೊಟ್ಟಿ ಬಡಿಯಲು ಕೂತವರು ಮೂವತ್ತನಾಲ್ಕರವರೆಗೆ ಹಳ್ಳಿಯಲ್ಲೇ ಇದ್ದರು. ಎರಡು ಹೊತ್ತು ಸೇರಿ ದಿನಕ್ಕೆ ಐದು ಗಂಟೆ. 22 ವರ್ಷಕ್ಕೆ 110. ಬರಗಾಲದಲ್ಲಿ ಗಂಡನ ಜೊತೆ ಪುಣೆಗೆ ಬಂದು ಕಟ್ಟಡ ಕೆಲಸದ ಜಾಗದ ತಗಡಿನ ಶೆಡ್ಡಿನಲ್ಲಿ ಹನ್ನೆರಡು ವರ್ಷ. ಅಲ್ಲಿ ಮೂರು ಕಲ್ಲಿನ ಒಲೆ, ದಿನಕ್ಕೆ ಮೂರು ಗಂಟೆ. 12 ವರ್ಷಕ್ಕೆ 36. ಒಟ್ಟು 146. ನಲವತ್ತಾರನೇ ವಯಸ್ಸಿಗೆ ಬಾಡಿಗೆ ಮನೆ, ಗ್ಯಾಸು ಬಂತು.

“ಹಂಗಾರ ಹನ್ನೊಂದು ವರ್ಷದಿಂದ ಹೊಗಿ ಇಲ್ಲ?” ಎಂದೆ. ಸೊಸೆ ಒಳಗಿನಿಂದ ಹೇಳಿದಳು: “ಸ್ನಾನದ ನೀರಿಗೆ ಕಟ್ಟಿಗಿನೇರಿ. ಆರು ಮಂದಿಗೆ ಗ್ಯಾಸ್ ಎಲ್ಲಿ ಪುರೈಸ್ತದ?” ಹೊರಗೆ ಹೋಗಿ ನೋಡಿದೆ. ಬಾಗಿಲ ಪಕ್ಕದಲ್ಲೇ ಎಣ್ಣೆ ಡಬ್ಬ ಕತ್ತರಿಸಿ ಮಾಡಿದ ಒಲೆ, ಅದರ ಮೇಲೆ ಹಂಡೆ. ಉರಿಸುವುದು ಕಟ್ಟಡದ ಜಾಗದಲ್ಲಿ ಸಿಗುವ ಸೆಂಟ್ರಿಂಗ್ ಹಲಗೆ, ಪ್ಲೈವುಡ್ ತುಂಡು. ಬಣ್ಣ, ಅಂಟು ಹತ್ತಿದ ಆ ಮರದ ಹೊಗೆ ಬರೀ ಸೌದೆಯ ಹೊಗೆಗಿಂತ ಕೆಟ್ಟದ್ದು. ಬೆಳಗಿನ ಜಾವ ಅದಕ್ಕೆ ಬೆಂಕಿ ಹಾಕುವ ಕೆಲಸ ಈ ತಾಯಿಯದೇ, ದಿನಕ್ಕೆ ಒಂದು ಗಂಟೆ. ಇದು ಅಡುಗೆಯಲ್ಲದ ಕಾರಣ ಮೇಲಿನ ಲೆಕ್ಕಕ್ಕೆ ಸೇರಿಸಲಿಲ್ಲ, ಪಕ್ಕದಲ್ಲಿ ಬೇರೆಯಾಗಿ 11 ಎಂದು ಬರೆದೆ.

ಈ ಲೆಕ್ಕಕ್ಕೆ ಒಂದು ಮಿತಿ ಇದೆ. ಇದು ಕಾಯಿಲೆಯನ್ನು ಹೇಳುವುದಿಲ್ಲ. ಅಡುಗೆಮನೆಗೆ ಕಿಟಕಿ ಇತ್ತೇ, ಹೊರಗೆ ಅಡುಗೆ ಮಾಡುತ್ತಿದ್ದರೇ ಎಂಬುದು ಇದರಲ್ಲಿ ಬರುವುದಿಲ್ಲ. 146 ಇದ್ದೂ ಆರೋಗ್ಯವಾಗಿರುವವರಿದ್ದಾರೆ, 40ಕ್ಕೇ ಏದುಸಿರು ಬಿಡುವವರಿದ್ದಾರೆ. ಯಾರನ್ನು ಪರೀಕ್ಷೆಗೆ ಕಳಿಸಬೇಕು ಎಂದು ತಿಳಿಯಲು ಮಾತ್ರ ಇದು ಬೇಕು.

ಒಳಗೆ ಆಗುವುದೇನು

ಈ ಕಾಯಿಲೆಯ ಹೆಸರು ಸಿಒಪಿಡಿ. ಶ್ವಾಸನಾಳಗಳು ದೀರ್ಘಕಾಲದಿಂದ ಕಿರಿದಾಗಿ ಗಾಳಿ ಹೊರಹೋಗಲು ಅಡ್ಡಿಯಾಗುವ ಕಾಯಿಲೆ. ವರ್ಷಗಟ್ಟಲೆ ಹೊಗೆಯ ಕಣ ಬೀಳುತ್ತಿದ್ದರೆ ನಾಳದ ಒಳಪದರ ಊದಿಕೊಳ್ಳುತ್ತದೆ, ಕಫ ಹೆಚ್ಚುತ್ತದೆ, ಕೊನೆಗೆ ನಾಳದ ಸುತ್ತ ಗಾಯದ ಕಲೆಯಂತೆ ಗಟ್ಟಿಯಾಗಿ ಅದು ಕಿರಿದಾಗುತ್ತದೆ. ಬೀಡಿ ಸಿಗರೇಟು ಸೇದುವವರಲ್ಲಿ ಗಾಳಿಚೀಲಗಳೇ ಹರಿದು ಹಾಳಾಗುವುದು ಹೆಚ್ಚು. ಒಲೆ ಹೊಗೆಯವರಲ್ಲಿ ಸಣ್ಣ ನಾಳಗಳ ಕಾಯಿಲೆ ಹೆಚ್ಚು. ಎಕ್ಸ್‌ರೇ ಬಹಳಷ್ಟು ಸಲ ಚೆನ್ನಾಗಿಯೇ ಕಾಣುವುದರಿಂದ ಅದನ್ನು ನೋಡಿ ಸಮಾಧಾನಪಟ್ಟರೆ ಮೋಸ ಹೋಗುತ್ತೇವೆ.

ತೊಂದರೆ ಇರುವುದು ಉಸಿರು ಬಿಡುವುದರಲ್ಲಿ. ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬರುವ ಮೊದಲೇ ಮುಂದಿನ ಉಸಿರು ಎಳೆಯಬೇಕಾಗುತ್ತದೆ. ಹಳೆಯ ಗಾಳಿ ಎದೆಯಲ್ಲೇ ಉಳಿದು, ಹೊಸ ಗಾಳಿಗೆ ಜಾಗವಿಲ್ಲದಂತಾಗುತ್ತದೆ. ಮೊಣಕಾಲಿಗೆ ಕೈ ಊರಿ ಕೂರುವುದು ಅದಕ್ಕೇ. ಹಾಗೆ ಕೂತರೆ ಹೆಗಲು, ಕುತ್ತಿಗೆಯ ಸ್ನಾಯುಗಳು ಉಸಿರಾಟಕ್ಕೆ ನೆರವಾಗುತ್ತವೆ.

ಆಸ್ತಮಾ ಬೇರೆ. ಅದು ಅನೇಕರಿಗೆ ಚಿಕ್ಕ ವಯಸ್ಸಿನಲ್ಲೇ ಶುರುವಾಗುತ್ತದೆ, ಬಂದು ಹೋಗುತ್ತದೆ, ನಡುವೆ ಚೆನ್ನಾಗಿರುತ್ತಾರೆ. ಸಿಒಪಿಡಿ ಸಾಮಾನ್ಯವಾಗಿ ನಲವತ್ತರ ನಂತರ ಕಾಣಿಸಿಕೊಂಡು ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಹೋದ ವರ್ಷ ನಿಲ್ಲದೆ ಹತ್ತುತ್ತಿದ್ದ ಮೆಟ್ಟಿಲಲ್ಲಿ ಈ ವರ್ಷ ಒಮ್ಮೆ ನಿಲ್ಲಬೇಕಾಗುತ್ತದೆ. ಹೆಂಗಸರು ಇದನ್ನು ‘ವಯಸ್ಸಾಯ್ತು’ ಎಂದು ಹೇಳಿ ಮೆಟ್ಟಿಲನ್ನೇ ಬಿಡುತ್ತಾರೆ. ಹಾಗೆ ಬಿಟ್ಟಾಗ ಕಾಯಿಲೆ ಇರುವುದೇ ಮನೆಯವರಿಗೆ ಗೊತ್ತಾಗುವುದಿಲ್ಲ.

ಆರು ಸೆಕೆಂಡಿನ ಪರೀಕ್ಷೆ

ಅದನ್ನು ತಿಳಿಯುವ ಪರೀಕ್ಷೆ ಸ್ಪೈರೋಮೆಟ್ರಿ. ಮೂಗಿಗೆ ಕ್ಲಿಪ್ಪು ಹಾಕಿ, ಎದೆ ತುಂಬ ಉಸಿರು ಎಳೆದು, ಕೊಳವೆಗೆ ಒಮ್ಮೆಲೇ ಜೋರಾಗಿ ಊದಿ, ಕನಿಷ್ಠ ಆರು ಸೆಕೆಂಡು ಬಿಡದೆ ಊದುತ್ತಿರಬೇಕು. ಯಂತ್ರ ಎರಡು ಅಂಕಿ ಕೊಡುತ್ತದೆ. ಒಟ್ಟು ಎಷ್ಟು ಗಾಳಿ ಹೊರಬಂತು ಎಂಬುದು ಒಂದು, ಅದರಲ್ಲಿ ಮೊದಲ ಸೆಕೆಂಡಿನಲ್ಲಿ ಬಂದದ್ದೆಷ್ಟು ಎಂಬುದು ಇನ್ನೊಂದು. ನಂತರ ನಾಳ ಹಿಗ್ಗಿಸುವ ಸಾಲ್‌ಬ್ಯುಟಮಾಲ್ ಔಷಧ ಎಳೆಸಿ, ಹದಿನೈದು ನಿಮಿಷ ಕೂರಿಸಿ ಮತ್ತೆ ಊದಿಸುತ್ತಾರೆ. ಔಷಧದ ನಂತರವೂ ಮೊದಲ ಸೆಕೆಂಡಿನ ಗಾಳಿ ಒಟ್ಟು ಗಾಳಿಯ 70 ಶೇಕಡಾಕ್ಕಿಂತ ಕಡಿಮೆ ಇದ್ದರೆ ನಾಳಗಳಲ್ಲಿ ಉಳಿದುಕೊಂಡ ಅಡ್ಡಿ ಇದೆ ಎಂದರ್ಥ.

ನಮ್ಮ ತಾಯಿಯನ್ನು ಸಮಿತಿಯ ಖರ್ಚಿನಲ್ಲಿ ಈ ಪರೀಕ್ಷೆಗೆ ಕಳಿಸಿದೆವು. ಔಷಧಕ್ಕೆ ಮೊದಲು ಒಟ್ಟು 1.60 ಲೀಟರ್, ಮೊದಲ ಸೆಕೆಂಡಿಗೆ 0.86 ಲೀಟರ್. ಔಷಧದ ನಂತರ ಒಟ್ಟು 1.68, ಮೊದಲ ಸೆಕೆಂಡಿಗೆ 0.92. ಭಾಗಿಸಿದರೆ ಸುಮಾರು 55 ಶೇಕಡಾ. ಔಷಧದಿಂದ ಹೆಚ್ಚಾದದ್ದು 60 ಮಿಲಿಲೀಟರ್ ಮಾತ್ರ. ಆಸ್ತಮಾ ಆಗಿದ್ದರೆ ಸಾಮಾನ್ಯವಾಗಿ 200 ಮಿಲಿಲೀಟರ್‌ಗೂ, 12 ಶೇಕಡಾಕ್ಕೂ ಮೇಲೆ ಏರುತ್ತದೆ. ಆಕೆಯ ವಯಸ್ಸು, ಎತ್ತರದ ಮಹಿಳೆಗೆ ಮೊದಲ ಸೆಕೆಂಡಿನಲ್ಲಿ ಇರಬೇಕಾದ ಗಾಳಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಉಳಿದಿತ್ತು. ಮೂರು ವರ್ಷದ ಚೀಟಿಗಳಲ್ಲಿ ಎಲ್ಲೂ ಇರದ ಹೆಸರನ್ನು ತಜ್ಞರು ಬರೆದರು: ಸಿಒಪಿಡಿ, ಎರಡನೇ ಹಂತ, ಕಾರಣ ಒಲೆಯ ಹೊಗೆ.

ಈ ಪರೀಕ್ಷೆ ತಪ್ಪುವುದೂ ಉಂಟು. ಅರ್ಧಕ್ಕೆ ಊದುವುದು ನಿಲ್ಲಿಸಿದರೆ, ತುಟಿಯ ಸಂದಿಯಿಂದ ಗಾಳಿ ಸೋರಿದರೆ, ನಡುವೆ ಕೆಮ್ಮಿದರೆ ಅಂಕಿ ಸುಳ್ಳಾಗುತ್ತದೆ. ಅದಕ್ಕೇ ಮೂರು ಸಲ ಊದಿಸಿ ಹೋಲಿಸುತ್ತಾರೆ. ಮರಾಠಿ, ಹಿಂದಿ ಬಾರದ ನಮ್ಮ ಹೆಂಗಸರಿಗೆ ‘ಊದಿ, ಊದಿ, ಬಿಡಬ್ಯಾಡ್ರಿ’ ಎಂದು ಕನ್ನಡದಲ್ಲಿ ಹೇಳುವವರು ಪಕ್ಕದಲ್ಲಿದ್ದರೆ ಪರೀಕ್ಷೆ ಸರಿಯಾಗುತ್ತದೆ. ಈಚೆಗೆ ಹೃದಯಾಘಾತ, ಕಣ್ಣಿನ ಅಥವಾ ಹೊಟ್ಟೆಯ ಆಪರೇಷನ್ ಆದವರಿಗೆ, ಕಫದಲ್ಲಿ ರಕ್ತ ಬರುತ್ತಿರುವವರಿಗೆ ವೈದ್ಯರು ಮುಂದೂಡುತ್ತಾರೆ. ಬಹಳ ವಯಸ್ಸಾದವರಲ್ಲಿ ಕಾಯಿಲೆ ಇಲ್ಲದೆಯೂ ಅನುಪಾತ 70ಕ್ಕಿಂತ ಸ್ವಲ್ಪ ಇಳಿಯಬಹುದು. ಹಿಂದೆ ಕ್ಷಯವಾಗಿ ವಾಸಿಯಾದವರಲ್ಲೂ ಇಂಥ ಅಡ್ಡಿ ಉಳಿದಿರಬಹುದು. ಆದ್ದರಿಂದ ಅಂಕಿಯನ್ನು ರೋಗಿಯ ಕಥೆಯ ಜೊತೆ ಇಟ್ಟು ಓದುವ ಕೆಲಸ ವೈದ್ಯರದು.

ಹೋದ ಬಂಡವಾಳ, ಉಳಿದ ಬಂಡವಾಳ

ಕಳೆದುಹೋದ ಶ್ವಾಸಕೋಶ ಔಷಧದಿಂದ ಮರಳಿ ಬರುವುದಿಲ್ಲ. ಉಳಿದದ್ದನ್ನು ಕಾಪಾಡಿಕೊಳ್ಳಬೇಕು. ಅದಕ್ಕೆ ಮೊದಲ ಹೆಜ್ಜೆ ಹೊಗೆ ನಿಲ್ಲಿಸುವುದು. ಚೀನಾದ ದಕ್ಷಿಣ ಭಾಗದ ಗುವಾಂಗ್‌ಡಾಂಗ್ ಪ್ರಾಂತ್ಯದ ಹಳ್ಳಿಗಳಲ್ಲಿ ಜನ ಬಯೋಗ್ಯಾಸಿಗೆ ಬದಲಾಯಿಸಿ, ಅಡುಗೆಮನೆಗೆ ಗಾಳಿ ಹೊರಹೋಗುವ ವ್ಯವಸ್ಥೆ ಮಾಡಿಕೊಂಡ ಮೇಲೆ ಒಂಬತ್ತು ವರ್ಷ ಅವರನ್ನು ಗಮನಿಸಿದ ಅಧ್ಯಯನ 2014ರಲ್ಲಿ ಬಂತು. ಬದಲಾಯಿಸಿದವರಲ್ಲಿ ಶ್ವಾಸಕೋಶ ಕುಗ್ಗುವ ವೇಗ ಕಡಿಮೆಯಾಗಿತ್ತು, ಸಿಒಪಿಡಿ ಬರುವುದೂ ಕಡಿಮೆಯಾಗಿತ್ತು. ನಲವತ್ತೈದರಲ್ಲಿ ಹೊಗೆ ಬಿಟ್ಟರೂ ಲಾಭವಿದೆ.

ಆದರೆ ಗ್ಯಾಸ್ ಸಂಪರ್ಕ ಇದ್ದ ಮಾತ್ರಕ್ಕೆ ಹೊಗೆ ನಿಂತಂತಲ್ಲ. 2016ರ ಮೇ 1ರಂದು ಉಜ್ವಲ ಯೋಜನೆ ಶುರುವಾಗಿ ಕೋಟ್ಯಂತರ ಮನೆಗೆ ಸಂಪರ್ಕ ಬಂತು. ಆದರೂ ಸಿಲಿಂಡರಿನ ದುಡ್ಡು ಉಳಿಸಲು ರೊಟ್ಟಿಗೆ, ಸ್ನಾನದ ನೀರಿಗೆ, ದನದ ಮೇವು ಬೇಯಿಸಲು ಕಟ್ಟಿಗೆ ಮುಂದುವರಿದಿರುವ ಮನೆಗಳು ಬಹಳ. ಚಿಮಣಿ ಇರುವ ಒಲೆಯೂ ಒಂದು ದಾರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1980ರ ದಶಕದಲ್ಲಿ ರೂಪಿಸಿದ ‘ಅಸ್ತ್ರ ಒಲೆ’ ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ನೋಡಿ ಗೊತ್ತು. ಕಟ್ಟಿಗೆ ಕಡಿಮೆ ಸಾಕು, ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತದೆ. ಆದರೆ ಕೊಳವೆಯಲ್ಲಿ ಮಸಿ ಕಟ್ಟಿದರೆ ಹೊಗೆ ವಾಪಸು ಮನೆಗೇ ಬರುತ್ತದೆ. ತಿಂಗಳಿಗೊಮ್ಮೆ ಮಸಿ ಬಳಿಯದ ಚಿಮಣಿಯನ್ನು ನಂಬಬಾರದು. ಈಗಾಗಲೇ ಕಾಯಿಲೆ ಬಂದವರಿಗಂತೂ ಗ್ಯಾಸು ಅಥವಾ ವಿದ್ಯುತ್ತೇ ಸರಿ.

ಎರಡನೆಯದು ಇನ್‌ಹೇಲರ್. ನಾಳವನ್ನು ಹನ್ನೆರಡು ಅಥವಾ ಇಪ್ಪತ್ತನಾಲ್ಕು ಗಂಟೆ ತೆರೆದಿಡುವ ಔಷಧವನ್ನು ಆರಾಮ ಇದ್ದ ದಿನವೂ ತೆಗೆದುಕೊಳ್ಳಬೇಕು. ಆ ತಾಯಿಗೆ ಇದನ್ನು ಮೊದಲೇ ಬರೆದುಕೊಟ್ಟಿದ್ದರು, ಉಪಯೋಗವಾಗಿರಲಿಲ್ಲ. “ಹೆಂಗ ತಗೋತೀರಿ, ತೋರಸ್ರಿ” ಎಂದಾಗ ಕಾರಣ ತಿಳಿಯಿತು. ಬಾಯಿಗಿಟ್ಟು ಒತ್ತಿ, ಊದುಗೊಳವೆಗೆ ಊದಿದ ಹಾಗೆ ಅದರೊಳಕ್ಕೆ ಊದಿಬಿಟ್ಟರು! ಎಳೆದುಕೊಳ್ಳಬೇಕು ಎಂದು ಯಾರೂ ಅವರ ಭಾಷೆಯಲ್ಲಿ ಹೇಳಿರಲಿಲ್ಲ. ಈಗ ಸ್ಪೇಸರ್ ಎಂಬ ಪ್ಲಾಸ್ಟಿಕ್ ಬುರುಡೆ ಕೊಡಿಸಿದ್ದೇವೆ. ಇನ್‌ಹೇಲರ್ ಅಲ್ಲಾಡಿಸಿ ಅದಕ್ಕೆ ಜೋಡಿಸುವುದು, ಮೊದಲು ಉಸಿರು ಪೂರ್ತಿ ಬಿಡುವುದು, ಒಮ್ಮೆ ಒತ್ತುವುದು, ನಿಧಾನವಾಗಿ ಎಳೆಯುವುದು, ಹತ್ತು ಎಣಿಸುವ ತನಕ ಹಿಡಿಯುವುದು. ಸ್ಟಿರಾಯ್ಡ್ ಇರುವ ಇನ್‌ಹೇಲರ್ ಆದರೆ ಕೊನೆಗೆ ಬಾಯಿ ಮುಕ್ಕಳಿಸಬೇಕು. ‘ಪಂಪು ಚಟ ಆಗ್ತದ’ ಎಂಬ ಭಯ ನಮ್ಮಲ್ಲಿ ಬಹಳ ಇದೆ. ಇದು ಚಟ ಹಿಡಿಸುವ ಔಷಧವಲ್ಲ. ಬಿಪಿ ಮಾತ್ರೆಯಂತೆ ದಿನವೂ ಬೇಕಾಗುತ್ತದೆ, ಅಷ್ಟೇ.

ಉಸಿರು ಕಟ್ಟಿದಾಗ ಮಾಡಬೇಕಾದ ಒಂದು ಅಭ್ಯಾಸವನ್ನೂ ಕಲಿಸಿದರು. ಮೂಗಿನಿಂದ ಎರಡು ಎಣಿಸುವಷ್ಟು ಹೊತ್ತು ಎಳೆದು, ಸಿಳ್ಳೆ ಹಾಕುವಂತೆ ತುಟಿ ಕೂಡಿಸಿ ನಾಲ್ಕು ಎಣಿಸುವಷ್ಟು ಹೊತ್ತು ಬಿಡುವುದು. ಸಿಕ್ಕಿಕೊಂಡ ಹಳೆಯ ಗಾಳಿ ಹೊರಗೆ ಬರಲು ಇದರಿಂದ ಸಮಯ ಸಿಗುತ್ತದೆ. ಇದರ ಜೊತೆ ದಿನವೂ ಸ್ವಲ್ಪ ನಡಿಗೆ, ವರ್ಷಕ್ಕೊಮ್ಮೆ ಫ್ಲೂ ಲಸಿಕೆ, ವೈದ್ಯರು ಹೇಳಿದಂತೆ ನ್ಯುಮೋನಿಯಾ ಲಸಿಕೆ. ಕಫದ ಬಣ್ಣ ಹಳದಿ-ಹಸಿರಿಗೆ ತಿರುಗಿ ಪ್ರಮಾಣ ಹೆಚ್ಚಾದರೆ, ಏದುಸಿರು ಒಂದೆರಡು ದಿನದಲ್ಲಿ ಏರಿದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ತುಟಿ ನೀಲಿಯಾದರೆ, ಮಂಪರು ಬಂದರೆ ಅದೇ ಗಳಿಗೆಯಲ್ಲಿ.

ಮನೆಗೆ ಆಕ್ಸಿಜನ್ ಯಂತ್ರ ಬೇಕು ಎಂದು ಕೆಲವು ಅರ್ಜಿಗಳು ಬರುತ್ತವೆ. ಕೂತಿದ್ದಾಗಲೂ ಬೆರಳಿನ ಯಂತ್ರದಲ್ಲಿ 88 ಅಥವಾ ಅದಕ್ಕಿಂತ ಕಡಿಮೆ ಬರುತ್ತಿದ್ದರೆ, ರಕ್ತ ಪರೀಕ್ಷೆಯಿಂದ ಖಚಿತಪಡಿಸಿಕೊಂಡು ತಜ್ಞರು ಅದನ್ನು ಬರೆಯುತ್ತಾರೆ. ಅದಕ್ಕಿಂತ ಮೇಲಿದ್ದವರಿಗೆ ಸಾಮಾನ್ಯವಾಗಿ ಪ್ರಯೋಜನವಿಲ್ಲ. ಒಲೆ, ದೀಪ ಉರಿಯುವ ಕೋಣೆಯಲ್ಲಿ ಆಕ್ಸಿಜನ್ ಇಡುವುದು ಬೆಂಕಿಗೆ ಆಹ್ವಾನ ಕೊಟ್ಟಂತೆ.

ಸಮಿತಿ ಬದಲಿಸಿದ್ದು

ಆ ತಾಯಿಯ ಎರಡನೇ ಅರ್ಜಿಯನ್ನು ಮತ್ತೆ ತೆಗೆದು ಮಂಜೂರು ಮಾಡಿದೆವು. ಆಸ್ಪತ್ರೆಯ ಬಿಲ್ಲಿನ ಜೊತೆಗೆ ಒಂದು ವರ್ಷದ ಇನ್‌ಹೇಲರ್, ಸ್ಪೇಸರ್, ಲಸಿಕೆ ಸೇರಿಸಿದೆವು. ಸ್ನಾನದ ನೀರಿಗಾಗಿ ವರ್ಷಕ್ಕೆ ನಾಲ್ಕು ಹೆಚ್ಚಿನ ಸಿಲಿಂಡರಿನ ರಸೀದಿಯನ್ನು ಔಷಧದ ಬಿಲ್ಲೆಂದೇ ಪರಿಗಣಿಸಿದೆವು. ಲೆಕ್ಕ ಪರಿಶೋಧಕರು ಪ್ರಶ್ನೆ ಎತ್ತಿದರು. ಸ್ಪೈರೋಮೆಟ್ರಿ ವರದಿಯನ್ನೂ ತಜ್ಞರ ಚೀಟಿಯನ್ನೂ ಲಗತ್ತಿಸಿ ಉತ್ತರ ಬರೆದೆ, ಒಪ್ಪಿದರು.

ಎಂಟು ತಿಂಗಳಾಯಿತು. ಒಂದು ಚಳಿಗಾಲ ಆಸ್ಪತ್ರೆ ಸೇರದೆ ಕಳೆದಿದೆ. ಮೊನ್ನೆ ಮತ್ತೆ ಊದಿಸಿದಾಗ ಮೊದಲ ಸೆಕೆಂಡಿಗೆ 0.90 ಲೀಟರ್ ಬಂತು, ಅಂದರೆ ಇದ್ದಲ್ಲೇ ಇದೆ. ಎರಡನೇ ಮಹಡಿಗೆ ಹೋಗಲು ಈಗಲೂ ನಡುವೆ ನಿಲ್ಲುತ್ತಾರೆ. “ಆದ್ರ ಬರ್ತೀನ್ರಿ, ಮೊದಲ ಬರ್ತಿದ್ದಿಲ್ಲ” ಎಂದರು. ಬಾಗಿಲ ಪಕ್ಕದ ಡಬ್ಬದ ಒಲೆಯಲ್ಲಿ ಸೊಸೆ ತುಳಸಿ ಹಚ್ಚಿದ್ದಾಳೆ.

‘ಪುನರಾವರ್ತನೆ’ ಎಂದು ವಾಪಸು ಕಳಿಸಿದ ಹಿಂದಿನ ಐದು ವರ್ಷದ ಅರ್ಜಿಗಳನ್ನು ತೆಗೆಸಿ, ದಮ್ಮು, ಆಸ್ತಮಾ, ಕೆಮ್ಮು ಎಂದು ಬರೆದಿರುವ ಮಹಿಳೆಯರ ಕಡತ ಬೇರೆ ಮಾಡುತ್ತಿದ್ದೇನೆ. ಈವರೆಗೆ ಹದಿನಾಲ್ಕು ಸಿಕ್ಕಿವೆ. ಒಂದರಲ್ಲಿಯೂ ಸ್ಪೈರೋಮೆಟ್ರಿ ಇಲ್ಲ. ಅವರಲ್ಲಿ ಇಬ್ಬರು ಈಗಿಲ್ಲ.

ನಮೂನೆಯ ಎರಡನೇ ಪುಟವನ್ನೂ ತಿದ್ದಿದ್ದೇವೆ. ‘ಧೂಮಪಾನ’ದ ಕೆಳಗೆ ಈಗ ನಾಲ್ಕು ಸಾಲುಗಳಿವೆ: ಕಟ್ಟಿಗೆ, ಕುಳ್ಳು ಅಥವಾ ಬೆರಣಿಯ ಒಲೆಯಲ್ಲಿ ಅಡುಗೆ ಮಾಡಿದ್ದು ಎಷ್ಟು ವರ್ಷ? ದಿನಕ್ಕೆ ಎಷ್ಟು ಗಂಟೆ? ಈಗ ಸ್ನಾನದ ನೀರಿಗೆ ಯಾವ ಉರುವಲು? ಸ್ಪೈರೋಮೆಟ್ರಿ ಆಗಿದೆಯೇ? ಮೊದಲ ಎರಡರ ಗುಣಲಬ್ಧ 60 ದಾಟಿ, ಕೆಮ್ಮು ಅಥವಾ ಏದುಸಿರು ಇದ್ದರೆ ಅರ್ಜಿ ಸಮಿತಿಗೆ ಬರುವ ಮೊದಲೇ ಪರೀಕ್ಷೆಗೆ ಕಳಿಸುತ್ತೇವೆ. ಆ ಹದಿನಾಲ್ಕರಲ್ಲಿ ಉಳಿದ ಹನ್ನೆರಡು ಮಂದಿಯ ಪರೀಕ್ಷೆ ಮತ್ತು ಅಗತ್ಯವಿದ್ದವರ ಒಂದು ವರ್ಷದ ಇನ್‌ಹೇಲರಿಗೆ ಈ ಸಲದ ದೇಣಿಗೆಯಲ್ಲಿ ಮೊದಲ ಪಾಲು ಮೀಸಲಿಟ್ಟಿದ್ದೇವೆ.

ಸದಸ್ಯರಲ್ಲಿ ಇನ್ನೊಂದು ಕೋರಿಕೆ. ಊರಿನಲ್ಲಿರುವ ನಿಮ್ಮ ಅವ್ವ, ಅತ್ತೆ, ಅತ್ತಿಗೆಗೆ ಫೋನ್ ಮಾಡಿದಾಗ ಆ ನಾಲ್ಕು ಪ್ರಶ್ನೆ ಕೇಳಿ. ನಿಮ್ಮ ಮನೆಗೆ ಕೆಲಸಕ್ಕೆ ಬರುವ ಬಾಯಿಯನ್ನೂ ಕೇಳಿ. ‘ಧೂಮಪಾನ ಇಲ್ಲ’ ಎಂದ ಮೇಲೂ ಒಂದು ನಿಮಿಷ ನಿಂತು ಒಲೆಯ ಬಗ್ಗೆ ಕೇಳಿ. ಉತ್ತರ 60 ದಾಟಿದರೆ ನಮಗೆ ತಿಳಿಸಿ.

ಇಂತಿ, ನಿಮ್ಮವ,
ವೈದ್ಯಕೀಯ ನೆರವು ಸಮಿತಿಯ ಸದಸ್ಯ